ಅಪ್‌ಡೇಟ್: ಅಪ್ಪನ ಸುಸ್ತಿಗೆ ಕಾರಣ ಉಪ್ಪಿನ ಪ್ಯಾಕೆಟ್

ನಾನು ಕೇಳಿದ್ದು: "ಗದಗದಲ್ಲಿರೋ ಅಪ್ಪನಿಗೆ ಹಾರ್ಟ್ ಫೇಲ್ಯೂರ್. ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತಗೋತಾರೆ. ಮೂರು ದಿನದಿಂದ ಕಾಲಲ್ಲಿ ಶಕ್ತಿಯೇ ಇಲ್ಲ. ವಯಸ್ಸಿನ ಸುಸ್ತಾ?"

ಅಲ್ಲ. ನೀವು ಹೇಳಿದಂತೆ ಅವತ್ತೇ ಹುಬ್ಬಳ್ಳಿಗೆ ಕರ್ಕೊಂಡು ಹೋದೆವು. ರಕ್ತದಲ್ಲಿ ಪೊಟ್ಯಾಸಿಯಂ 6.9 ಇತ್ತು, 5ರ ಆಸುಪಾಸು ದಾಟಬಾರದಂತೆ. ಇಸಿಜಿಯಲ್ಲಿ ಟಿ ಅಲೆಗಳು ಚೂಪಾಗಿ ಎದ್ದಿದ್ದವು. ಹೃದಯ ಕಾಪಾಡೋಕೆ ಮೊದಲು ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟರು. ಆಮೇಲೆ ಪೊಟ್ಯಾಸಿಯಂ ಜೀವಕೋಶದೊಳಗೆ ಹೋಗಲಿ ಅಂತ ಗ್ಲುಕೋಸ್ ಜೊತೆ ಇನ್ಸುಲಿನ್.

ಅಪ್ಪ ತಗೋತಿದ್ದ ಎರಡೂ ಗುಳಿಗೆ ಕಿಡ್ನಿಯಿಂದ ಪೊಟ್ಯಾಸಿಯಂ ಹೊರಹೋಗೋದನ್ನು ತಗ್ಗಿಸುತ್ತವೆ. ಅದರ ಮೇಲೆ ಅವ್ವ ಬಿಪಿಗೆ ಒಳ್ಳೇದು ಅಂತ ತಿಂಗಳಿಂದ ಲೋ ಸೋಡಿಯಂ ಉಪ್ಪು ಹಾಕುತ್ತಿದ್ದಳು, ಪಲ್ಯಕ್ಕೂ ಮಜ್ಜಿಗೆಗೂ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿತ್ತು: ಪೊಟ್ಯಾಸಿಯಂ ಕ್ಲೋರೈಡ್. ಅವ್ವ ಅದನ್ನು ಓದಿ ಅತ್ತುಬಿಟ್ಟಳು. ಅವಳದೇನು ತಪ್ಪು, ಯಾರೂ ಹೇಳಿರಲಿಲ್ಲ ಅಲ್ವಾ?

ಈಗ 4.8. ಸ್ಪೈರೊನೊಲ್ಯಾಕ್ಟೋನ್ ಸದ್ಯಕ್ಕೆ ಡಾಕ್ಟರೇ ನಿಲ್ಲಿಸಿದ್ದಾರೆ. ಮುಂದಿನ ವಾರ ಮತ್ತೆ ರಕ್ತ ಪರೀಕ್ಷೆ.