ಪದಚರ್ಚೆ: ‘ಡೇಲೈಟ್ ಸೇವಿಂಗ್’ಗೆ ಫಲಕದಲ್ಲಿ ಏನು ಬರೆಯಬೇಕು?

ವೀಣಾ, ಮೈಸೂರು:
ಗಡಿಯಾರಗಳ ಕುರಿತ ಪ್ರದರ್ಶನಕ್ಕೆ ಫಲಕಗಳನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಬೇಸಿಗೆಯಲ್ಲಿ ಸಂಜೆ ಬೆಳಕು ಹೆಚ್ಚು ಹೊತ್ತು ಸಿಗಲೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ಚಳಿಗಾಲಕ್ಕೆ ಹಿಂದಕ್ಕೆ ತರುವ ಪದ್ಧತಿಯೇ ‘ಡೇಲೈಟ್ ಸೇವಿಂಗ್’. ಒಂದು ಫಲಕ ರಷ್ಯಾದ್ದು. ಆ ದೇಶ 2011ರಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ವರ್ಷವಿಡೀ ಹಾಗೆಯೇ ಉಳಿಸಿಕೊಂಡಿತು, 2014ರಲ್ಲಿ ಹಿಂದಕ್ಕೆ ತಂದಿತು. ಪತ್ರಿಕೆಗಳ ‘ಹಗಲು ಉಳಿತಾಯ ಸಮಯ’ವನ್ನೇ ಹಿಡಿದರೆ ‘ಕಾಯಂ ಹಗಲು ಉಳಿತಾಯ ಸಮಯ’ ಎಂದಾಗುತ್ತದೆ. ಹಾಗಾದರೆ ಅದರ ಎದುರು ಪದ ಯಾವುದು? ಚಿಕ್ಕ ಜೋಡಿಪದ ಬೇಕು, ದಯವಿಟ್ಟು ಬೇಗ ತಿಳಿಸಿ.

ಶಂಕರಪ್ಪ, ಧಾರವಾಡ:
‘ಹೊತ್ತು’ ಇರುವಾಗ ‘ಸಮಯ’ ಏಕೆ? ಬೇಸಗೆ ಹೊತ್ತು, ಚಳಿ ಹೊತ್ತು. ಬೇಯು, ಬೇಗೆ, ಬೇಸಗೆ ಎಲ್ಲಕ್ಕೂ ಒಂದೇ ಬೇರು, ಅಚ್ಚಗನ್ನಡ. ಈ ಪದ್ಧತಿ ಹುಟ್ಟಿದ್ದೇ ರೈತರಿಗಾಗಿ. ಹೊಲದವರ ಮಾತಿನಲ್ಲೇ ಅದಕ್ಕೆ ಹೆಸರಿರಲಿ. ‘ಕಾಯಂ’ ಕೂಡ ಬೇಡ, ಅದು ಅರಬ್ಬಿ.

ಅನಂತ ಭಟ್, ಶಿರಸಿ:
ರೈತರಿಗಾಗಿ ಅಲ್ಲ. 1916ರಲ್ಲಿ ಜರ್ಮನಿ ಇದನ್ನು ತಂದದ್ದು ಯುದ್ಧಕಾಲದಲ್ಲಿ ಕಲ್ಲಿದ್ದಲು ಉಳಿಸಲು. ಅಮೆರಿಕದ ರೈತರಂತೂ ಇದನ್ನು ವಿರೋಧಿಸಿದರು, 1919ರಲ್ಲಿ ಅಲ್ಲಿನ ಸಂಸತ್ತು ಕಾನೂನನ್ನು ರದ್ದುಮಾಡಿತು. ಹಸುವಿಗೆ ಗಡಿಯಾರ ಗೊತ್ತಿಲ್ಲ, ಹುಲ್ಲಿನ ಮೇಲಿನ ಇಬ್ಬನಿ ಆರುವುದೂ ಬಿಸಿಲೇರಿದ ಮೇಲೆಯೇ.

ವೀಣಾ ಅವರೇ, ರಷ್ಯಾದ ಫಲಕದಲ್ಲಿ ‘ಉಳಿತಾಯ’ ಖಂಡಿತ ಬೇಡ. 2011ರಲ್ಲಿ ಮೆಡ್ವೆಡೆವ್ ಸರ್ಕಾರ ಕೊಟ್ಟ ಮುಖ್ಯ ಕಾರಣ ವರ್ಷಕ್ಕೆರಡು ಬಾರಿ ಗಡಿಯಾರ ತಿರುಗಿಸುವುದರಿಂದ ಜನರ ಆರೋಗ್ಯಕ್ಕೆ ಆಗುವ ತೊಂದರೆ. ತಿರುಗಿಸುವುದು ನಿಂತಿತು, ಆದರೆ ನಿಂತದ್ದು ಬೇಸಿಗೆಯ ಗಂಟೆಯಲ್ಲಿ. ಡಿಸೆಂಬರ್ ಕೊನೆಗೆ ಮಾಸ್ಕೋದಲ್ಲಿ ಸೂರ್ಯ ಹುಟ್ಟುವಾಗ ಗಡಿಯಾರದಲ್ಲಿ ಸುಮಾರು ಹತ್ತು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸುಮಾರು ಹನ್ನೊಂದು. ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಕಗ್ಗತ್ತಲಲ್ಲೇ ಹೊರಡಬೇಕಾಯಿತು. ಅಸಮಾಧಾನ ಬೆಳೆದು, 2014ರ ಅಕ್ಟೋಬರ್‌ನಲ್ಲಿ ಪುಟಿನ್ ಕಾಲದ ಕಾನೂನು ಗಡಿಯಾರವನ್ನು ಚಳಿಗಾಲದ ಗಂಟೆಗೆ ತಂದು ನಿಲ್ಲಿಸಿತು. ಫಲಕ ಹೇಳಬೇಕಾದದ್ದು ಯಾವ ಗಂಟೆಯಲ್ಲಿ ನಿಲ್ಲಿಸಿದರು ಎಂಬುದನ್ನು. ಆದ್ದರಿಂದ ‘ಕಾಯಂ ಬೇಸಿಗೆ ಸಮಯ’, ‘ಕಾಯಂ ಚಳಿಗಾಲದ ಸಮಯ’.

ರಮೇಶ, ಫೀನಿಕ್ಸ್:
ನಾನಿರುವ ಅರಿಜೋನಾದ ಬಹುಭಾಗದಲ್ಲಿ ಗಡಿಯಾರ ಬದಲಾಗುವುದಿಲ್ಲ. ಶಿವಮೊಗ್ಗದಲ್ಲಿರುವ ಅಮ್ಮನಿಗೆ ಇಲ್ಲಿಯ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಅಲ್ಲಿ ಯಾವಾಗಲೂ ಬೆಳಿಗ್ಗೆ ಎಂಟೂವರೆ. ಷಿಕಾಗೋದ ಅಣ್ಣ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅವರಿಗೆ ಹೊಸ ವೇಳೆ ತಿಳಿಸಬೇಕು. ಇಲ್ಲಿ ಜೂನ್‌ನಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಸಂಜೆ ಇನ್ನೊಂದು ಗಂಟೆ ಬಿಸಿಲು ಯಾರಿಗೂ ಬೇಡ, ಏಸಿ ಓಡುತ್ತಲೇ ಇರಬೇಕಾಗುತ್ತದೆ. ‘ಸಂಜೆ ಬೆಳಕಿನ ಸಮಯ’ ಎಂದರೆ ಆಗದೇ?

ಅನಂತ ಭಟ್:
ರಮೇಶ್, ವೀಣಾ ಕೇಳಿದ್ದು ಅದಲ್ಲ. ಆದರೆ ಏಸಿಯ ಮಾತು ನಿಜ. ಇಂಡಿಯಾನಾ 2006ರಲ್ಲಿ ಇಡೀ ರಾಜ್ಯಕ್ಕೆ ಈ ಪದ್ಧತಿ ತಂದಾಗ ಸಂಶೋಧಕರು ಮನೆಗಳ ವಿದ್ಯುತ್ ಲೆಕ್ಕ ನೋಡಿದರು. ದೀಪಕ್ಕೆ ಉಳಿದದ್ದನ್ನು ಏಸಿ ಮತ್ತು ಬೆಳಗಿನ ಹೀಟರ್ ನುಂಗಿ, ಒಟ್ಟು ಬಳಕೆ ಶೇಕಡಾ 1ರಷ್ಟು ಏರಿತ್ತು. ಈಜಿಪ್ಟ್ ಮಾತ್ರ ಇಂಧನ ಉಳಿಸುತ್ತೇವೆ ಎಂದೇ 2023ರಲ್ಲಿ ಮತ್ತೆ ಶುರುಮಾಡಿತು. ಉಳಿತಾಯವೇ ತಕರಾರಿನಲ್ಲಿರುವಾಗ ಅದನ್ನು ಹೆಸರಿನಲ್ಲೇಕೆ ಸೇರಿಸಬೇಕು?

ಸರೋಜಮ್ಮ, ಬೆಂಗಳೂರು:
ಶಂಕರಪ್ಪನವರೇ, ‘ಬೇಸಗೆ’ ವೈಶಾಖದ ತದ್ಭವ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ‘ಗಡಿಯಾರ’ದಲ್ಲಿರುವುದೂ ಸಂಸ್ಕೃತದ ಘಟಿ. ಅದನ್ನೂ ಬಿಡುತ್ತೀರಾ? ವೀಣಾ, ಇನ್ನೊಂದು ಮಾತು: ನಮ್ಮ ಬೇಸಿಗೆ ಮೇ ಕೊನೆಗೆ ಮುಗಿಯುತ್ತದೆ, ಯುರೋಪಿನ ಈ ‘ಬೇಸಿಗೆ’ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಎಳೆಯುತ್ತದೆ. ಓದುಗರು ಎಡವುತ್ತಾರೆ. ‘ಮುಂದಿಟ್ಟ ಸಮಯ’ ಎನ್ನಿ. ‘ಮುಂದೂಡಿದ’ ಎಂದು ಮಾತ್ರ ಬರೆಯಬೇಡಿ, ಅರ್ಥ ತಿರುವುಮುರುವಾಗುತ್ತದೆ.

ಶಂಕರಪ್ಪ:
ಮೇಷ್ಟ್ರು ಹೇಳಿದ್ದೆಲ್ಲ ಬೇರಾಗುವುದಿಲ್ಲ. ಬೇಯುವ ಕಾಲ ಬೇಸಗೆ. ಹೊರಗಿನ ಪದವನ್ನು ಹೀಗೆ ಸಮರ್ಥಿಸುತ್ತ ಹೋದರೆ ಕೊನೆಗೆ ನಮ್ಮಲ್ಲಿ ಪ್ರತ್ಯಯ ಮಾತ್ರ ಉಳಿಯುತ್ತದೆ.

ವೀಣಾ:
ಎಲ್ಲರಿಗೂ ಧನ್ಯವಾದ. ಫಲಕಕ್ಕೆ ಹೀಗೆ ಕಳಿಸುತ್ತಿದ್ದೇನೆ: ‘2011ರಲ್ಲಿ ರಷ್ಯಾ ಒಂದು ಗಂಟೆ ಮುಂದಿಟ್ಟ ಬೇಸಿಗೆ ಸಮಯವನ್ನೇ ಕಾಯಂ ಮಾಡಿತು. ಚಳಿಗಾಲದ ಬೆಳಗು ಕತ್ತಲಾಯಿತು. 2014ರಲ್ಲಿ ಚಳಿಗಾಲದ ಸಮಯಕ್ಕೆ ಮರಳಿ ಅಲ್ಲೇ ನಿಂತಿತು.’

ಅನಂತ ಭಟ್:
‘ಅಲ್ಲೇ ನಿಂತಿತು’ ಎಂಬುದನ್ನು ತೆಗೆಯಿರಿ. ಜೂನ್‌ನಲ್ಲಿ ಮಾಸ್ಕೋದ ಸೂರ್ಯೋದಯ ನಾಲ್ಕಕ್ಕೂ ಮೊದಲಾಯಿತು, ಸಂಜೆಯೂ ಬೇಗ ಬಂತು. 2016ರಲ್ಲಿ ಹಲವು ಪ್ರಾಂತ್ಯಗಳು ಮತ್ತೆ ಒಂದು ಗಂಟೆ ಮುಂದೆ ಹೋದವು. ವೋಲ್ಗೊಗ್ರಾಡ್ 2018ರಲ್ಲಿ ಮುಂದೆ ಹೋಗಿ, 2020ರ ಡಿಸೆಂಬರ್‌ನಲ್ಲಿ ಹಿಂದೆ ಬಂತು.