ಬಟವಾಡೆ ಫೈಲ್ ಹೋಗಿದೆ, 11 ಜನಕ್ಕೆ ಸಂಬಳ ಬಂದಿಲ್ಲ. ಪೂರ್ತಿ ಫೈಲ್ ಮತ್ತೆ ಹಾಕಬಹುದಾ?

ಶಿಲ್ಪಾ_ಲೆಕ್ಕ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಟೇಲರ್‌ಗಳಿಗೆ ಪೀಸ್ ರೇಟ್, ಪ್ರತಿ ಶನಿವಾರ ಬಟವಾಡೆ. ಮೊದಲು ಕವರ್‌ನಲ್ಲಿ ನಗದು ಕೊಡುತ್ತಿದ್ದರು. ಈಗ ಬ್ಯಾಂಕಿನ ಪೋರ್ಟಲ್‌ನಲ್ಲಿ ಎಲ್ಲರದ್ದೂ ಒಂದೇ ಫೈಲ್ ಹಾಕುತ್ತೇವೆ. ನಾನು ಫೈಲ್ ಏರಿಸುತ್ತೇನೆ, ಸಾಹುಕಾರರು ಓಟಿಪಿ ಹಾಕಿ ಒಪ್ಪಿಗೆ ಕೊಡುತ್ತಾರೆ.

ನಿನ್ನೆ ಶನಿವಾರದ ಫೈಲ್‌ನಲ್ಲಿ 86 ಜನ ಇದ್ದರು, ಒಟ್ಟು ₹5,41,700. ಸಂಜೆ 5:40ಕ್ಕೆ ಒಪ್ಪಿಗೆ ಆಯಿತು. 75 ಜನಕ್ಕೆ ಹಣ ಬಂದಿದೆ, 11 ಜನಕ್ಕೆ ಇಲ್ಲ. ಆದರೆ ಪೋರ್ಟಲ್‌ನಲ್ಲಿ ಫೈಲ್ ಮುಂದೆ `Processed` ಅಂತ ಇದೆ. ಅವರೆಲ್ಲ ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದಾರೆ, ವಾರದ ಸಂತೆ ಮಾಡಬೇಕು ಅಂತಾರೆ. ಅದೇ ಫೈಲ್ ಇನ್ನೊಮ್ಮೆ ಹಾಕಿದರೆ ಉಳಿದವರಿಗೆ ಮಾತ್ರ ಹೋಗುತ್ತಾ?

ಮಂಜು_ಸಿರುಗುಪ್ಪ

ಹಾಕಿ ಮೇಡಂ, ಏನೂ ಆಗಲ್ಲ. ಒಮ್ಮೆ ಹೋದ ಫೈಲನ್ನ ಪೋರ್ಟಲ್ ಮತ್ತೆ ತಗೊಳ್ಳಲ್ಲ, ಡುಪ್ಲಿಕೇಟ್ ಅಂತ ತಡೆಯುತ್ತೆ. ನಮ್ಮ ಅಂಗಡೀಲಿ ನೋಡಿದ್ದೇನೆ.

ವೀರೇಶ್_ಗಂಗಾವತಿ

ದಯವಿಟ್ಟು ಹಾಕಬೇಡ್ರಿ ಅಕ್ಕಾ. ನಾನು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ದಲಾಲಿ ಅಂಗಡಿಗಳಿಗೆ ಭತ್ತದ ಬಾಕಿ ಹೀಗೇ ಒಟ್ಟಿಗೆ ಕಳಿಸುತ್ತೇವೆ. ಹಿಂದೊಮ್ಮೆ `Pending` ಅಂತ ಇದ್ದ ಸಾಲುಗಳನ್ನು ಹೋಗಿಲ್ಲ ಅಂತ ತಿಳಿದು, ಹೊಸ ಹೆಸರಿನ ಫೈಲ್‌ನಲ್ಲಿ ಮತ್ತೆ ಕಳಿಸಿದ್ದರು. ಪೋರ್ಟಲ್ ಸುಮ್ನೆ ತಗೊಂಡಿತು. ಎರಡು ಅಂಗಡಿಗೆ ಎರಡೆರಡು ಸಲ ಹೋಯಿತು. ಒಬ್ಬರು ಮುಂದಿನ ಲೋಡಿನಲ್ಲಿ ಮುರಿದುಕೊಂಡರು. ಇನ್ನೊಬ್ಬರು ಹಳೇ ಬಾಕಿಗೆ ಜಮಾ ಮಾಡಿಕೊಂಡೆ ಅಂದುಬಿಟ್ಟರು. ವ್ಯಾಪಾರಿಗಳ ಜೊತೆಯಾದರೆ ಮುಂದಿನ ಬಿಲ್‌ನಲ್ಲಿ ಸರಿಮಾಡಬಹುದು. ಟೇಲರ್ ಕೈಗೆ ಹೋದ ಸಂಬಳ ವಾಪಸ್ ಕೇಳೋದು ಹೇಗೆ ಹೇಳ್ರಿ?

ನಾಗರತ್ನ_ಎಸ್

ಶಿಲ್ಪಾ, ಸ್ವಲ್ಪ ತಡೆಯಿರಿ. ಹಲವು ವರ್ಷ ಬ್ಯಾಂಕಿನಲ್ಲಿ ಕಂಪನಿಗಳ ಪಾವತಿ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ, ಇಂಥ ಫೈಲ್‌ಗಳನ್ನೇ ನೋಡುತ್ತಿದ್ದೆ. ಮಂಜು ಹೇಳಿದ್ದರಲ್ಲಿ ಅರ್ಧ ನಿಜ. ಪೋರ್ಟಲ್ ತಡೆಯುವುದು ಅದೇ ಫೈಲ್ ಹೆಸರನ್ನು, ಇಲ್ಲಾ ಅದೇ ರೆಫರೆನ್ಸ್ ನಂಬರನ್ನು. ಹೆಸರು ಬದಲಿಸಿ, ರೆಫರೆನ್ಸ್ ಬದಲಿಸಿ ಹಾಕಿದರೆ ಅದಕ್ಕೆ ಅದು ಹೊಸ ಪಾವತಿ. 75 ಜನಕ್ಕೂ ಎರಡನೇ ಸಂಬಳ ಹೋಗುತ್ತದೆ.

ಇನ್ನು `Processed` ಅಂದರೆ ಹಣ ಅವರ ಖಾತೆಗೆ ಸೇರಿತು ಅಂತ ಅಲ್ಲ. ನಿಮ್ಮ ಬ್ಯಾಂಕ್ ತನ್ನ ಕೆಲಸ ಮುಗಿಸಿತು ಅಂತ ಅಷ್ಟೇ. ಬೇರೆ ಬ್ಯಾಂಕಿನ ಖಾತೆ ನಂಬರ್ ಸರಿಯಿದೆಯಾ ಅಂತ ಫೈಲ್ ಏರಿಸುವಾಗ ನಿಮ್ಮ ಬ್ಯಾಂಕಿಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ನೆಫ್ಟ್‌ನಲ್ಲಿ ಅರ್ಧ ಗಂಟೆಗೊಂದು ಬ್ಯಾಚ್ ಹೋಗುತ್ತದೆ, ದಿನಕ್ಕೆ 48. ಆ ಕಡೆ ಬ್ಯಾಂಕಿಗೆ ಜಮಾ ಮಾಡಲು ಆಗದಿದ್ದರೆ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ವಾಪಸ್ ಕಳಿಸಬೇಕು. ನಿನ್ನೆ 5:40ಕ್ಕೆ ಹೋಗಿದ್ದು ವಾಪಸ್ ಬರುವುದಿದ್ದರೆ ರಾತ್ರಿಯೇ ಬಂದಿರಬೇಕು. ಭಾನುವಾರ ಅಂತ ಕಾಯಬೇಡಿ, 2019ರ ಡಿಸೆಂಬರ್‌ನಿಂದ ನೆಫ್ಟ್ ದಿನದ 24 ಗಂಟೆಯೂ, ರಜಾ ದಿನವೂ ನಡೆಯುತ್ತದೆ.

ಈಗ ಎರಡು ಕೆಲಸ ಮಾಡಿ. ಪೋರ್ಟಲ್‌ನಲ್ಲಿ ಫೈಲ್‌ನ ಒಟ್ಟು ಸ್ಥಿತಿ ಬಿಟ್ಟು, ಒಳಗೆ ಹೋಗಿ ಸಾಲು ಸಾಲಿನ ರಿಪೋರ್ಟ್ ಇಳಿಸಿಕೊಳ್ಳಿ. ಜೊತೆಗೆ ನಿನ್ನೆಯ ಮತ್ತು ಇವತ್ತಿನ ಖಾತೆ ಸ್ಟೇಟ್‌ಮೆಂಟ್ ತೆಗೆಯಿರಿ. ಹಣ ಹೋಗುವಾಗ ಒಂದೇ ಮೊತ್ತವಾಗಿ ಕಡಿತ ಆಗಿರಬಹುದು. ವಾಪಸ್ ಬರುವಾಗ ಮಾತ್ರ ಒಂದೊಂದು ಸಾಲಾಗಿ ಬರುತ್ತದೆ, ಯುಟಿಆರ್ ನಂಬರ್ ಜೊತೆ. ಅದನ್ನು ಹುಡುಕಿ.

ಅಮರೇಶ್_ರಾಯಚೂರು

ನಮ್ಮ ಅಮ್ಮನಿಗೂ ಹೀಗೇ ಆಗಿದೆ. ಗೃಹಲಕ್ಷ್ಮಿ ₹2,000 ಬಂದಿಲ್ಲ. ಪಾಸ್‌ಬುಕ್ ನಂಬರ್ ಸರಿಯಾಗೇ ಕೊಟ್ಟಿದ್ದೇವೆ. ಇದಕ್ಕೂ ಯುಟಿಆರ್ ಸಿಗುತ್ತಾ?

ನಾಗರತ್ನ_ಎಸ್

ಅಮರೇಶ್, ಅದರ ದಾರಿಯೇ ಬೇರೆ. ಆ ಹಣ ಆಧಾರ್ ಮೇಲೆ ಹೋಗುತ್ತದೆ. ಅಮ್ಮನ ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೇ ಬೀಳುತ್ತದೆ, ಅರ್ಜಿಯಲ್ಲಿ ಯಾವ ಪಾಸ್‌ಬುಕ್ ಕೊಟ್ಟರೂ ಅಷ್ಟೇ. ಅವರ ಇನ್ನೊಂದು ಖಾತೆ ಇದ್ದರೆ ಮೊದಲು ಅಲ್ಲಿ ಎಂಟ್ರಿ ಹಾಕಿಸಿ ನೋಡಿ. ಇಲ್ಲದಿದ್ದರೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ನೋಡೋಣ.

ಶಿಲ್ಪಾ_ಲೆಕ್ಕ

ಮೇಡಂ, ಎರಡೂ ತೆಗೆದೆ. ಕಡಿತ ಆಗಿರುವುದು ₹5,41,700 ಅಲ್ಲ, ₹5,28,800. ರಾತ್ರಿ 8ರ ಒಳಗೆ 7 ಸಾಲು ವಾಪಸ್ ಬಂದಿವೆ, ಒಟ್ಟು ₹44,350. ಎಲ್ಲದಕ್ಕೂ `Account does not exist` ಅಂತ ಕಾರಣ ಇದೆ. ಆದರೆ ಈ ಏಳೂ ಜನ ಹಳಬರು. ಹೋದ ವಾರ ಇದೇ ಖಾತೆಗೆ ಸಂಬಳ ಹೋಗಿದೆ! ಖಾತೆ ಇಲ್ಲ ಅಂದರೆ ಹೇಗೆ?

ನಾಗರತ್ನ_ಎಸ್

₹12,900 ವ್ಯತ್ಯಾಸ ಇದೆ ಅಲ್ವಾ? ಅಷ್ಟು ಮೊತ್ತದ ಸಾಲುಗಳನ್ನು ಪೋರ್ಟಲ್ ಏರಿಸುವಾಗಲೇ ಬಿಟ್ಟಿದೆ. ರಿಪೋರ್ಟ್‌ನಲ್ಲಿ `Rejected` ಹುಡುಕಿ. ಆ ಹಣ ನಿಮ್ಮ ಖಾತೆಯಿಂದ ಹೊರಗೇ ಹೋಗಿಲ್ಲ.

ವಾಪಸ್ ಬಂದ ಏಳರ ಬಗ್ಗೆ ಒಂದು ಅನುಮಾನ ಇದೆ. ಅವರ ಖಾತೆ ನಂಬರ್ ಎಷ್ಟು ಅಂಕಿ? ಕಳಿಸಿದ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯಬೇಡಿ. ನೋಟ್‌ಪ್ಯಾಡ್‌ನಲ್ಲಿ ತೆರೆದು, ಆ ನಂಬರ್‌ಗಳ ಕೊನೆಯ ಅಂಕಿ ಯಾವುದು ಹೇಳಿ.

ಶಿಲ್ಪಾ_ಲೆಕ್ಕ

ಅಯ್ಯೋ, ಏಳೂ 16 ಅಂಕಿಯ ನಂಬರ್, ಏಳೂ 0ಯಲ್ಲಿ ಮುಗಿಯುತ್ತಿವೆ. ಪಾಸ್‌ಬುಕ್ ಜೆರಾಕ್ಸ್‌ನಲ್ಲಿ ಬೇರೆ ಬೇರೆ ಅಂಕಿ ಇದೆ. ನಾನು ಮಾಡಿಟ್ಟ ಮೂಲ ಎಕ್ಸೆಲ್‌ನಲ್ಲೂ ಸರಿಯಾಗಿದೆ. ಒಪ್ಪಿಗೆ ಕೊಡುವ ಮೊದಲು ಸಾಹುಕಾರರು ಮೊತ್ತ ನೋಡಬೇಕು ಅಂತ ಸಿಎಸ್‌ವಿ ತೆರೆದಿದ್ದರು. ನಂಬರ್ ಕಾಣುತ್ತಿಲ್ಲ ಅಂತ ಕಾಲಂ ಸರಿಮಾಡಿ ಸೇವ್ ಒತ್ತಿದ್ದರಂತೆ.

ನಾಗರತ್ನ_ಎಸ್

ಅಲ್ಲೇ ಆಗಿರುವುದು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ. 16ನೆಯದನ್ನು 0 ಮಾಡುತ್ತದೆ. ಸಿಎಸ್‌ವಿಯಲ್ಲಿ ಇದು ಟೆಕ್ಸ್ಟ್, ಇದು ಸಂಖ್ಯೆ ಅನ್ನುವ ಗುರುತು ಇರುವುದಿಲ್ಲ. ಹಾಗಾಗಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಖಾತೆ ನಂಬರನ್ನೂ ಸಂಖ್ಯೆ ಅಂತಲೇ ಓದುತ್ತದೆ. ನೋಡಿ, ಇದು ಸುಮ್ನೆ ಉದಾಹರಣೆಯ ನಂಬರ್:

```
1234567890123456    ಫೈಲ್‌ನಲ್ಲಿ ಇದ್ದದ್ದು
1.23457E+15         ತೆರೆದಾಗ ಕಾಣುವುದು
1234567890123450    ಕಾಲಂ ಸರಿಮಾಡಿ ಸೇವ್ ಮಾಡಿದ ಮೇಲೆ
```

ಎರಡನೆಯ ರೂಪದಲ್ಲೇ ಸೇವ್ ಆಗಿದ್ದರೆ ಪೋರ್ಟಲ್ ತಿರಸ್ಕರಿಸುತ್ತಿತ್ತು, ಪಾರಾಗುತ್ತಿದ್ದಿರಿ. ಕಾಲಂ ಸರಿಮಾಡಿದ್ದರಿಂದ ಅದು ನೋಡಲು ಒಳ್ಳೆಯ 16 ಅಂಕಿ ನಂಬರ್ ಆಯಿತು. 11, 13 ಅಂಕಿಯವರಿಗೆ ಏನೂ ಆಗಿಲ್ಲ. ಅದಕ್ಕೇ 75 ಜನಕ್ಕೆ ಸರಿಯಾಗಿ ಬಂದಿದೆ.

ಮಂಜು_ಸಿರುಗುಪ್ಪ

ಹಂಗಾದ್ರೆ ಆ ಕಾಲಂ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಬದಲಿಸಿದ್ರೆ ಮುಗೀತಲ್ಲ?

ನಾಗರತ್ನ_ಎಸ್

ನಂಬರ್ ಬರುವ ಮೊದಲೇ ಟೆಕ್ಸ್ಟ್ ಮಾಡಿದ್ದರೆ ಸರಿ. ಕೆಟ್ಟ ಮೇಲೆ ಮಾಡಿದರೆ ಹೋದ ಅಂಕಿ ಬರುವುದಿಲ್ಲ, ಆ 0 ಟೆಕ್ಸ್ಟ್ ಆಗಿ ಉಳಿಯುತ್ತದೆ ಅಷ್ಟೇ. 0ಯಿಂದ ಶುರುವಾಗುವ ಖಾತೆಗಳಿಗೆ ಇನ್ನೊಂದು ತೊಂದರೆ ಇದೆ, ಮುಂದಿನ ಸೊನ್ನೆಯೇ ಬಿದ್ದುಹೋಗುತ್ತದೆ. ಸಾಹುಕಾರರಿಗೆ ಮೊತ್ತ ನೋಡಬೇಕಿದ್ದರೆ ಪೋರ್ಟಲ್‌ನ ಒಪ್ಪಿಗೆ ಪರದೆಯಲ್ಲೇ ಸಾಲುಗಳ ಸಂಖ್ಯೆ, ಒಟ್ಟು ಮೊತ್ತ ಎರಡೂ ಕಾಣುತ್ತವೆ. ಸಿಎಸ್‌ವಿ ತೆರೆಯುವ ಅಗತ್ಯವೇ ಇಲ್ಲ.

ಶಿಲ್ಪಾ, 16 ಅಂಕಿಯ ಖಾತೆ ಇರುವವರು ಒಟ್ಟು ಎಷ್ಟು ಜನ? ಏಳೇ ಜನಾನಾ?

ಶಿಲ್ಪಾ_ಲೆಕ್ಕ

ಒಂಬತ್ತು ಜನ. ಒಬ್ಬರ ನಂಬರ್ ನಿಜವಾಗಲೂ 0ಯಲ್ಲೇ ಮುಗಿಯುತ್ತದೆ, ಅವರಿಗೆ ಬಂದಿದೆ. ಇನ್ನೊಬ್ಬರದ್ದು 3ರಲ್ಲಿ ಮುಗಿಯಬೇಕು. ಅವರಿಗೆ ಬಂದಿಲ್ಲ, ₹6,850 ವಾಪಸ್ಸೂ ಬಂದಿಲ್ಲ.

`Rejected` ಎರಡು ಸಾಲು ಸಿಕ್ಕವು, ₹6,300 ಮತ್ತು ₹6,600. ಇಬ್ಬರೂ ಈ ವಾರ ಸೇರಿದವರು. ಐಎಫ್‌ಎಸ್‌ಸಿ SYNB ಅಂತ ಶುರುವಾಗುತ್ತದೆ. ಇನ್ನೊಬ್ಬ ಅಣ್ಣನಿಗೆ ಮೆಸೇಜ್ ಬಂದಿಲ್ಲ ಅಂದಿದ್ದರು. ಎಟಿಎಂನಲ್ಲಿ ನೋಡಿದರೆ ಹಣ ಇದೆಯಂತೆ, ಬ್ಯಾಂಕಿನಲ್ಲಿ ಹಳೇ ಮೊಬೈಲ್ ನಂಬರ್ ಇತ್ತು. ಅಲ್ಲಿಗೆ ಹನ್ನೊಂದೂ ಲೆಕ್ಕಕ್ಕೆ ಸಿಕ್ಕಿತು.

ವೀರೇಶ್_ಗಂಗಾವತಿ

SYNB ಅಂದ್ರೆ ಹಳೇ ಸಿಂಡಿಕೇಟ್ ಬ್ಯಾಂಕ್ ಅಕ್ಕಾ. 2020ರ ಏಪ್ರಿಲ್‌ನಲ್ಲಿ ಕೆನರಾಕ್ಕೆ ಸೇರಿತು. 2021ರ ಜುಲೈನಿಂದ ಆ ಕೋಡ್ ನಡೆಯಲ್ಲ. ಅವರು ಹಳೇ ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿದ್ದಾರೆ. ಸುಲಭ ಇದೆ: SYNB0003 ಅಂತ ಇದ್ದರೆ CNRB0013 ಅಂತ ಮಾಡಿ, ಉಳಿದ ಮೂರು ಅಂಕಿ ಹಾಗೇ ಇರಲಿ. ನಮ್ಮ ದಲಾಲಿ ಅಂಗಡಿಗಳದ್ದು ಹಾಗೇ ಬದಲಿಸಿದೆವು.

ನಾಗರತ್ನ_ಎಸ್

ವೀರೇಶ್ ಹೇಳಿದ ಲೆಕ್ಕ ಸರಿ, ಹಳೇ ಅಂಕಿಗೆ 10000 ಕೂಡಿದ್ದಾರೆ. ಆದರೂ ಹೊಸ ಪಾಸ್‌ಬುಕ್ ನೋಡಿಯೇ ಹಾಕಿ, ಶಾಖೆಗಳೂ ಒಂದರಲ್ಲೊಂದು ಸೇರಿವೆ. ಗ್ರಾಮೀಣ ಬ್ಯಾಂಕಿನ ಖಾತೆ ಇರುವವರದ್ದೂ ಒಮ್ಮೆ ಕೇಳಿ. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾಗಿವೆ, ಪ್ರಧಾನ ಕಚೇರಿ ನಿಮ್ಮ ಬಳ್ಳಾರಿಯಲ್ಲೇ ಇದೆ.

ಈಗ ಹೊಸ ಫೈಲ್‌ನಲ್ಲಿ ಬರೀ 9 ಸಾಲು ಇರಲಿ: ವಾಪಸ್ ಬಂದ 7, ತಿರಸ್ಕಾರವಾದ 2. ಮೊತ್ತ ₹57,250 ಬರಬೇಕು. ಒಂದು ರೂಪಾಯಿ ಆಚೀಚೆ ಆದರೂ ನಿಲ್ಲಿಸಿ. ಹಳೇ ರೆಫರೆನ್ಸ್‌ಗೆ ಕೊನೆಯಲ್ಲಿ R1 ಸೇರಿಸಿ. ಮುಂದೆ ಸ್ಟೇಟ್‌ಮೆಂಟ್ ನೋಡಿದಾಗ ಇದು ಎರಡನೇ ಸಲ ಕಳಿಸಿದ್ದು ಅಂತ ತಿಳಿಯುತ್ತದೆ.

ಆ ₹6,850 ಸಾಲನ್ನು ಇದರಲ್ಲಿ ಸೇರಿಸಬೇಡಿ. ವಾಪಸ್ ಬಂದಿಲ್ಲ ಅಂದರೆ 0ಯಲ್ಲಿ ಮುಗಿಯುವ ಆ ನಂಬರಿನ ಖಾತೆ ನಿಜವಾಗಿಯೂ ಯಾರದ್ದೋ ಇದೆ, ಹಣ ಅವರಿಗೆ ಜಮಾ ಆಗಿದೆ ಅಂತ ಕಾಣುತ್ತದೆ. ನೆಫ್ಟ್‌ನಲ್ಲಿ ಜಮಾ ಆಗುವುದು ಖಾತೆ ನಂಬರ್ ನೋಡಿ ಮಾತ್ರ. ಫೈಲ್‌ನಲ್ಲಿ ಹೆಸರು ಬೇರೆ ಇದ್ದರೂ ತಡೆಯುವುದಿಲ್ಲ. ನಾಳೆ ಬೆಳಿಗ್ಗೆಯೇ ನಿಮ್ಮ ಶಾಖೆಗೆ ಯುಟಿಆರ್, ಕಳಿಸಿದ ನಂಬರ್, ಸರಿಯಾದ ನಂಬರ್, ಪಾಸ್‌ಬುಕ್ ಪ್ರತಿ ಇಟ್ಟು ಪತ್ರ ಕೊಡಿ, ಸ್ವೀಕೃತಿ ತಗೊಳ್ಳಿ. ಅವರು ಆ ಕಡೆ ಬ್ಯಾಂಕಿಗೆ ಬರೆಯುತ್ತಾರೆ. ಆದರೆ ಆ ಖಾತೆದಾರರು ಒಪ್ಪಿದರೆ ಮಾತ್ರ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಯಾವಾಗ ಬರುತ್ತದೆ ಅಂತ ಯಾರೂ ಮಾತು ಕೊಡಲಾರರು.

ಮಂಜು_ಸಿರುಗುಪ್ಪ

ಈಗ ನೆಫ್ಟ್ ಮಾಡುವಾಗ ಖಾತೆದಾರರ ಹೆಸರು ತೋರಿಸುತ್ತೆ ಅಲ್ವಾ? ಏಪ್ರಿಲ್ 2025ರಿಂದ ಬಂದಿದೆ. ಅದು ಯಾಕೆ ಹಿಡಿಯಲಿಲ್ಲ?

ನಾಗರತ್ನ_ಎಸ್

ಒಳ್ಳೆಯ ಪ್ರಶ್ನೆ. ಒಬ್ಬೊಬ್ಬರನ್ನೇ ಸೇರಿಸಿ ಕಳಿಸುವಾಗ ತೋರಿಸುತ್ತದೆ. ಫೈಲ್ ಏರಿಸುವಾಗ ಪ್ರತಿ ಸಾಲಿಗೂ ಪರೀಕ್ಷೆ ಆಗುತ್ತದೆಯೇ ಅನ್ನುವುದು ಆಯಾ ಪೋರ್ಟಲ್ ಮೇಲೆ ಹೋಗುತ್ತದೆ. ಶಿಲ್ಪಾ ಅವರದ್ದರಲ್ಲಿ ಇದೆಯಾ ಅಂತ ಶಾಖೆಯಲ್ಲೇ ಕೇಳಬೇಕು. ಕೆಲವರು ಹೊಸ ಖಾತೆಗೆ ಮೊದಲು ₹1 ಕಳಿಸಿ, ವಾಪಸ್ ಬರುವ ಹೆಸರು ನೋಡುತ್ತಾರೆ. ಆದರೆ ಇಲ್ಲಿ ಅದೂ ಹಿಡಿಯುತ್ತಿರಲಿಲ್ಲ. ಮೂಲ ಪಟ್ಟಿ ಸರಿ ಇತ್ತು, ಕೆಟ್ಟಿದ್ದು ಆಮೇಲೆ.

ಶಿಲ್ಪಾ_ಲೆಕ್ಕ

9 ಸಾಲಿನ ಫೈಲ್ ಹಾಕಿದೆ, ₹57,250 ಸರಿ ಬಂತು. ಮಧ್ಯಾಹ್ನ ಒಪ್ಪಿಗೆ ಆಯಿತು. ಸಂಜೆಯವರೆಗೆ ವಾಪಸ್ ಯಾವುದೂ ಇಲ್ಲ, 8 ಜನ ಬಂತು ಅಂದಿದ್ದಾರೆ. ಒಬ್ಬರು ಫೋನ್ ಎತ್ತುತ್ತಿಲ್ಲ. ₹6,850 ಆಗಬೇಕಾದ ಅಕ್ಕನಿಗೆ ಸಾಹುಕಾರರು ನಗದು ಕೊಟ್ಟು ವೋಚರ್ ಬರೆಸಿದರು. ಶಾಖೆಗೆ ಪತ್ರ ಸಿದ್ಧ ಮಾಡಿದ್ದೇನೆ. ವಾಪಸ್ ಬರುವವರೆಗೆ ಈ ₹6,850 ಅನ್ನು ಪುಸ್ತಕದಲ್ಲಿ ಯಾವ ಖಾತೆಗೆ ಬರೆಯಬೇಕು ಗೊತ್ತಾಗುತ್ತಿಲ್ಲ. ಸಂಬಳದ ಲೆಕ್ಕದಲ್ಲಿ ಅವರದ್ದು ಎರಡು ಸಲ ಕಾಣುತ್ತಿದೆ.

ವೀರೇಶ್_ಗಂಗಾವತಿ

ನಾವು ಬ್ಯಾಂಕಿನಿಂದ ಬರಬೇಕಾದ ಬಾಕಿ ಅಂತ ಒಂದು ಸಸ್ಪೆನ್ಸ್ ಖಾತೆ ಮಾಡಿ ಅದರಲ್ಲಿ ಇಟ್ಟಿದ್ದೆವು, ಯುಟಿಆರ್ ಬರೆದು. ಸಂಬಳಕ್ಕೆ ನಗದು ವೋಚರ್ ಒಂದೇ ಹಿಡಿಯಿರಿ. ಆದರೆ ವರ್ಷದ ಕೊನೆವರೆಗೂ ಬರದಿದ್ದರೆ ಏನು ಮಾಡಬೇಕು ಅಂತ ನಿಮ್ಮ ಆಡಿಟರ್‌ನ ಈಗಲೇ ಕೇಳಿಟ್ಟುಕೊಳ್ರಿ.