ಅಡ್ಡ ವಿಡಿಯೊವನ್ನು ರೀಲಿಗೆ ಕತ್ತರಿಸಿದರೆ ಕೆಲಸ ಮಾಡುವ ಕೈಯೇ ಹೊರಗೆ ಹೋಗುತ್ತಿದೆ

ಮಾಂಜ್ರಾ_ದಂಡೆ (ಬೀದರ್)

ಮೂರು ರಾತ್ರಿಯಿಂದ ಇದೇ ಕೆಲಸಕ್ಕೆ ಕುಳಿತಿದ್ದೇನೆ, ತಲೆ ಕೆಟ್ಟುಹೋಗಿದೆ. ನಮ್ಮ ಚಿಕ್ಕಪ್ಪ ಬಿದರಿ ಕೆಲಸದವರು. ಹೂಜಿಗೆ ಉಳಿಯಿಂದ ಗೀರು ತೆಗೆದು ಬೆಳ್ಳಿ ತಂತಿ ಕೂರಿಸುವುದರಿಂದ ಹಿಡಿದು, ಕೊನೆಗೆ ಕೋಟೆಯ ಮಣ್ಣಿನಲ್ಲಿ ಉಜ್ಜಿ ಕಪ್ಪು ಮಾಡುವವರೆಗೆ ಮೂರು ನಿಮಿಷದ ವಿಡಿಯೊ ಇದೆ. ಅಡ್ಡ ವಿಡಿಯೊ. ಅದನ್ನು 9:16ಕ್ಕೆ ಕ್ರಾಪ್ ಮಾಡಿದರೆ ಚಿಕ್ಕಪ್ಪನ ಮುಖ ಇರುತ್ತದೆ, ಕೈ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಮಣ್ಣಿನ ಬಾಣಲೆಯ ಕಡೆಗೆ ವಾಲಿದಾಗಲಂತೂ ಖಾಲಿ ಗೋಡೆ ಮಾತ್ರ ಕಾಣುತ್ತದೆ. Premiere Pro ಒಳಗಿನ Auto Reframe ಹಾಕಿ ನೋಡಿದೆ. ಅದು ಕೈಯನ್ನು ಬಿಟ್ಟು ಬಾಗಿಲಲ್ಲಿ ನಿಂತ ಗಿರಾಕಿಯ ಮುಖದ ಹಿಂದೆ ಓಡುತ್ತದೆ. ಇಷ್ಟಾದ ಮೇಲೂ ಚಿತ್ರ ಮಸುಕಾಗಿದೆ, ತಂತಿಯ ಗೆರೆಗಳು ಕಲಸಿಹೋಗಿವೆ. ಏನು ತಪ್ಪು ಮಾಡುತ್ತಿದ್ದೇನೆ?

ತೊಗರಿ_ಕಣಜ (ಕಲಬುರಗಿ)

Auto Reframe ಒಳಗೆ ಚಲನೆಯ ಆಯ್ಕೆ ಇದೆ. ಅದನ್ನು Slower Motion ಮಾಡಿ. ಮೊದಲೇ ಇರುವ ಆಯ್ಕೆಯಲ್ಲಿ ಯಾವ ಮುಖ ಕಂಡರೂ ಅದರ ಕಡೆಗೆ ಹೊರಳುತ್ತದೆ. ಮಸುಕಿಗೆ ಕಾರಣ ರಫ್ತು ಮಾಡುವಾಗಿನ ಬಿಟ್‌ರೇಟ್. ಅದನ್ನು 20ಕ್ಕೆ ಏರಿಸಿ, ಎರಡೂ ಸರಿಹೋಗುತ್ತವೆ.

ಭೀಮಾ_ಹೊಳೆ (ಯಾದಗಿರಿ)

ಅಣ್ಣಾ, ರೀಲಿಗೆ ಬೇಕೆಂದರೆ ಫೋನನ್ನು ನೆಟ್ಟಗೆ ಹಿಡಿದೇ ತೆಗೆಯಬೇಕು. ನಾನು ಗಿಂಬಲ್‌ಗೆ ಫೋನ್ ನೆಟ್ಟಗೆ ಕೂರಿಸಿ, ಪಕ್ಕದಲ್ಲಿ ಎಲ್‌ಇಡಿ ದೀಪ, ಅಂಗಿಗೆ ಚಿಕ್ಕ ಮೈಕ್ ಇಟ್ಟುಕೊಂಡು ಹತ್ತಿ ಬಿಡಿಸುವ ರೀಲ್ ಮಾಡಿದ್ದೆ. ಒಂದು ಕಡೆಯೂ ಕತ್ತರಿಸುವ ಕೆಲಸ ಬರಲಿಲ್ಲ.

ಮಾಂಜ್ರಾ_ದಂಡೆ

ಆ ಹೂಜಿ ಮಾರಾಟವಾಗಿ ಹೋಯಿತು ಅಣ್ಣಾ, ಮತ್ತೆ ತೆಗೆಯಲು ಎಲ್ಲಿಂದ ತರಲಿ?

ತೊಗರಿ ಸರ್, Slower Motion ಮಾಡಿದೆ, ಬಿಟ್‌ರೇಟ್ 20 ಇಟ್ಟೆ. ಓಡಾಟ ನಿಧಾನವಾಯಿತು, ಆದರೆ ನಿಧಾನವಾಗಿ ಅದೇ ಗಿರಾಕಿಯ ಕಡೆಗೆ ಹೋಗುತ್ತದೆ. ಮಸುಕು ಹಾಗೆಯೇ ಇದೆ.

ತೊಗರಿ_ಕಣಜ

ಹಾಗಾದರೆ ಬಿಟ್‌ರೇಟ್ 40 ಮಾಡಿ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಹೀಗೆಯೇ ಆಗುತ್ತಿತ್ತು. ಈಗ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಕಟ್ಟಿಸಿದ್ದೇನೆ, 27 ಇಂಚಿನ ಪರದೆಯಲ್ಲಿ ಕೂದಲೆಳೆಯೂ ಕಾಣುತ್ತದೆ.

ರಥಬೀದಿ (ಕಲಬುರಗಿ)

ಕತ್ತರಿಸುವುದೇ ಏಕೆ? ಶರಣಬಸವೇಶ್ವರ ಜಾತ್ರೆಯ ತೇರಿನ ಅಡ್ಡ ಫೋಟೊ ನನ್ನ ಬಳಿ ಇತ್ತು. ಪೂರ್ತಿ ಫೋಟೊವನ್ನು ನಡುವೆ ಇಟ್ಟು, ಅದನ್ನೇ ದೊಡ್ಡದು ಮಾಡಿ ಮಸುಕಾಗಿಸಿ ಮೇಲೆ ಕೆಳಗೆ ತುಂಬಿದೆ. ಏನೂ ಕಳೆದುಹೋಗಲಿಲ್ಲ.

ಭೀಮಾ_ಹೊಳೆ

ಅದು ಫೋಟೊ, ಇದು ವಿಡಿಯೊ. ಮಸುಕಿನ ಪಟ್ಟಿ ಹಾಕಿದರೆ ನಡುವಿನ ಚಿತ್ರಕ್ಕೆ ಪರದೆಯ ಮೂರನೇ ಒಂದು ಪಾಲೂ ಸಿಗುವುದಿಲ್ಲ. ಉಳಿಯ ತುದಿ ಯಾರಿಗೆ ಕಾಣುತ್ತದೆ?

ರಥಬೀದಿ

ತೇರು ಎಲ್ಲರಿಗೂ ಕಂಡಿತು. ಜನರನ್ನು ಅರ್ಧಕ್ಕೆ ಕತ್ತರಿಸಿದ ಚಿತ್ರವನ್ನು ನಾನು ಹಾಕುವುದಿಲ್ಲ, ಅದು ನನ್ನ ಪದ್ಧತಿ.

ಕೋಟೆ_ಕಂದಕ (ಕಲಬುರಗಿ)

ಬಿಟ್‌ರೇಟ್ ಸದ್ಯ ಪಕ್ಕಕ್ಕಿಡಿ. ಮಾಂಜ್ರಾ ಅವರೇ, ಕಡತದ ಮೇಲೆ ಬಲ ಗುಂಡಿ ಒತ್ತಿ, ವಿವರಗಳಲ್ಲಿ ಅಗಲ ಎಷ್ಟು, ಎತ್ತರ ಎಷ್ಟು ಎಂದು ನೋಡಿ ಬರೆಯಿರಿ. ವಿಡಿಯೊ ನೀವೇ ತೆಗೆದದ್ದೋ? ಕ್ಯಾಮೆರಾ ಸ್ಟ್ಯಾಂಡಿನ ಮೇಲಿತ್ತೋ, ಕೈಯಲ್ಲಿತ್ತೋ?

ಮಾಂಜ್ರಾ_ದಂಡೆ

ಅಗಲ 1280, ಎತ್ತರ 720. ತೆಗೆದವನು ಅತ್ತೆಯ ಮಗ, ಸ್ಟ್ಯಾಂಡಿನ ಮೇಲಿಟ್ಟೇ ತೆಗೆದ. ನನಗೆ ಮೊಬೈಲ್ ಸಂದೇಶದಲ್ಲಿ ಕಳಿಸಿದ. ಅದನ್ನು ಹೇಳಬೇಕಿತ್ತೇ?

ಕೋಟೆ_ಕಂದಕ

ಮೊದಲು ಹೇಳಬೇಕಾದದ್ದು ಅದೇ. 720 ಎತ್ತರದ ಚಿತ್ರದಿಂದ 9:16ರ ತುಂಡು ತೆಗೆದರೆ ಅಗಲ ಬರುವುದು ಸುಮಾರು 404 ಪಿಕ್ಸೆಲ್. ರೀಲಿಗೆ 1080 ಅಗಲ ಬೇಕು. ಅಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚು ಹಿಗ್ಗಿಸುತ್ತಿದ್ದೀರಿ. ಬೆಳ್ಳಿ ತಂತಿಯಂತಹ ಸಣ್ಣ ಗೆರೆ ಆ ಕಡತದಲ್ಲೇ ಇಲ್ಲದಿರುವಾಗ ಬಿಟ್‌ರೇಟ್ 40 ಇಟ್ಟರೂ 100 ಇಟ್ಟರೂ ಅದು ಬರುವುದಿಲ್ಲ. ಸಂದೇಶದಲ್ಲಿ ಕಳಿಸುವಾಗ ವಿಡಿಯೊ ಕುಗ್ಗಿದೆ. ಅವರ ಫೋನಿನಲ್ಲಿ ಮೂಲ ಇದೆಯೇ ಕೇಳಿ. ಇದ್ದರೆ ಕೇಬಲ್ ಹಾಕಿ ನಕಲು ಮಾಡಿಕೊಳ್ಳಿ, ಮತ್ತೆ ಸಂದೇಶದಲ್ಲಿ ತರಿಸಬೇಡಿ.

ಮಾಂಜ್ರಾ_ದಂಡೆ

ಭಾಲ್ಕಿಗೆ ಹೋಗಿ ತಂದೆ. 3840 ಅಗಲ, 2160 ಎತ್ತರ ಇದೆ! ಉಳಿ ಬಡಿದಾಗ ಏಳುವ ಲೋಹದ ಸಣ್ಣ ಸುರುಳಿಯೂ ಕಾಣುತ್ತದೆ. ಆದರೆ ಕೈ ಹೊರಗೆ ಹೋಗುವ ತೊಂದರೆ ಇನ್ನೂ ಇದೆ.

ಕೋಟೆ_ಕಂದಕ

ಈಗ ಕೆಲಸ ಸುಲಭ. 2160 ಎತ್ತರಕ್ಕೆ 9:16 ಎಂದರೆ 1215 ಅಗಲ. ಸಮ ಸಂಖ್ಯೆ ಬೇಕಾದ್ದರಿಂದ 1214 ಇಟ್ಟುಕೊಳ್ಳಿ. ಅದನ್ನು 1080ಕ್ಕೆ ಕುಗ್ಗಿಸುತ್ತೀರಿ, ಹಿಗ್ಗಿಸುವುದಿಲ್ಲ, ಆದ್ದರಿಂದ ಗೆರೆ ಚೂಪಾಗಿಯೇ ಉಳಿಯುತ್ತದೆ. ಆದರೆ ಇದೊಂದು ನೆನಪಿರಲಿ: ಅಡ್ಡ ಚಿತ್ರದ ಅಗಲದಲ್ಲಿ ನಿಮಗೆ ಸಿಗುವುದು ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ. ಆ ಕಿರಿದಾದ ಕಿಟಕಿಯಲ್ಲಿ ಏನು ಇರಬೇಕು ಎಂಬುದನ್ನು ಯಂತ್ರಕ್ಕೆ ಬಿಡಬೇಡಿ. ಅದಕ್ಕೆ ಮುಖವೇ ಮುಖ್ಯ, ನಿಮಗೆ ಕೈ ಮುಖ್ಯ.

ಕ್ಯಾಮೆರಾ ಅಲುಗಿಲ್ಲ, ಆದ್ದರಿಂದ ಕಿಟಕಿಯನ್ನೂ ಓಡಿಸಬೇಡಿ. ಚಿಕ್ಕಪ್ಪ ಒಂದೇ ಕಡೆ ಕುಳಿತು ಕೆಲಸ ಮಾಡುವಷ್ಟು ಹೊತ್ತಿನದು ಒಂದು ತುಂಡು, ಬಾಣಲೆಯ ಕಡೆಗೆ ವಾಲಿದ ಮೇಲಿನದು ಇನ್ನೊಂದು ತುಂಡು. ಪ್ರತಿ ತುಂಡಿಗೂ ಒಂದೇ ಸ್ಥಿರ ಕಿಟಕಿ. ಎಲ್ಲಿಡಬೇಕೆಂದು ತಿಳಿಯಲು, ಕಮಾಂಡ್ ಪ್ರಾಂಪ್ಟ್‌ನಲ್ಲಿ ffmpeg ಓಡಿಸಿ ಪ್ರತಿ ತುಂಡಿನಿಂದ ಒಂದು ಚಿತ್ರ ತೆಗೆಯಿರಿ:

```
ffmpeg -ss 00:01:10 -i moola.mp4 -frames:v 1 chitra.png
```

ಅದನ್ನು ಪೇಂಟ್‌ನಲ್ಲಿ ತೆರೆದು ಬಾಣದ ತುದಿಯನ್ನು ಮುಖದ ಎಡ ಅಂಚಿಗೆ, ಆಮೇಲೆ ಹೂಜಿಯ ಬಲ ಅಂಚಿಗೆ ಇಡಿ. ಕೆಳಗೆ ತೋರಿಸುವ ಎರಡು ಸಂಖ್ಯೆಗಳಲ್ಲಿ ಮೊದಲನೆಯದನ್ನು ಬರೆದುಕೊಳ್ಳಿ. ಪರದೆಯ ಸ್ಕ್ರೀನ್‌ಶಾಟ್ ತೆಗೆದು ಅಳೆದರೆ ಲೆಕ್ಕ ತಪ್ಪುತ್ತದೆ, ಅದರಲ್ಲಿ ಬರುವುದು ನಿಮ್ಮ ಪರದೆಯ ಅಳತೆ.

ಮಾಂಜ್ರಾ_ದಂಡೆ

ಗೀರು ತೆಗೆಯುವಲ್ಲಿ ಮುಖದ ಎಡ ಅಂಚು 1500, ಹೂಜಿಯ ಬಲ ಅಂಚು 2450. ಮಣ್ಣು ಉಜ್ಜುವಲ್ಲಿ ಎಡ ಭುಜ 2050, ಬಾಣಲೆಯ ಬಲ ಅಂಚು 3400.

ಕೋಟೆ_ಕಂದಕ

ಮೊದಲನೆಯದರಲ್ಲಿ ಬೇಕಾದ ಅಗಲ 950. ಕಿಟಕಿ 1214, ಉಳಿದದ್ದು 264. ಎರಡೂ ಕಡೆಗೆ 132 ಹಂಚಿದರೆ ಕಿಟಕಿಯ ಎಡ ಅಂಚು 1368ಕ್ಕೆ ಬರುತ್ತದೆ.

```
ffmpeg -ss 00:01:05 -to 00:01:40 -i moola.mp4 -vf "crop=1214:2160:1368:0,scale=1080:1920,setsar=1" -c:v libx264 -crf 18 -pix_fmt yuv420p -c:a aac thundu1.mp4
```

ಸಮಯಗಳನ್ನು ನಿಮ್ಮ ತುಂಡಿಗೆ ತಕ್ಕಂತೆ ಬದಲಿಸಿ. ಎರಡನೆಯದರಲ್ಲಿ ಬೇಕಾದದ್ದು 1350. ಅದು 1214ರಲ್ಲಿ ಹಿಡಿಯುವುದಿಲ್ಲ, ಏನಾದರೂ ಬಿಡಲೇಬೇಕು. ನಾನಾದರೆ ಭುಜ ಬಿಡುತ್ತೇನೆ. ಮಣ್ಣಿನಲ್ಲಿ ಉಜ್ಜುತ್ತಿದ್ದಂತೆ ಮೈ ಕಪ್ಪಾಗಿ ಬೆಳ್ಳಿ ಮಾತ್ರ ಬಿಳುಪಾಗಿ ಉಳಿಯುವ ಗಳಿಗೆ ಅದು. ನೋಡುವವನ ಕಣ್ಣು ಬಾಣಲೆಯಲ್ಲೇ ಇರುತ್ತದೆ. ಎಡ ಅಂಚು 2200 ಇಡಿ, ಬಲ ಅಂಚು 3414ಕ್ಕೆ ಬಂದು ಬಾಣಲೆ ಪೂರ್ತಿ ಒಳಗಿರುತ್ತದೆ.

ತೊಗರಿ_ಕಣಜ

ತುಂಡು ತುಂಡು ಮಾಡಿದರೆ ಚಿತ್ರ ಜಿಗಿದಂತೆ ಕಾಣುವುದಿಲ್ಲವೇ? ಕೀಫ್ರೇಮ್ ಹಾಕಿ 1368ರಿಂದ 2200ಕ್ಕೆ ನಿಧಾನವಾಗಿ ಸರಿಸಬಹುದಲ್ಲ.

ಕೋಟೆ_ಕಂದಕ

ಸರಿಸಬಹುದು, ತಪ್ಪೇನೂ ಅಲ್ಲ. ಆದರೆ ಅವರು ವಾಲಲು ಒಂದು ಸೆಕೆಂಡು ಸಾಕು. ಅಷ್ಟರಲ್ಲಿ 832 ಪಿಕ್ಸೆಲ್ ಸರಿಸಿದರೆ ಹಿಂದಿನ ಗೋಡೆ ಸರ್ರನೆ ಜಾರುತ್ತದೆ. ನಿಧಾನ ಮಾಡಿದರೆ ಕೈ ಮೊದಲು ಹೋಗಿ ಕಿಟಕಿ ಆಮೇಲೆ ತಲುಪುತ್ತದೆ. ಕೈ ಹೂಜಿಯನ್ನು ಎತ್ತಿದ ಕ್ಷಣದಲ್ಲೇ ಕತ್ತರಿಸಿದರೆ ಜಿಗಿತ ಆ ಚಲನೆಯಲ್ಲಿ ಮರೆಯಾಗುತ್ತದೆ. ಉಳಿ ಬಡಿಯುವ ನಡುವೆ ಕತ್ತರಿಸಿದರೆ ಮಾತ್ರ ನೀವು ಹೇಳಿದಂತೆ ಎದ್ದು ಕಾಣುತ್ತದೆ.

ರಥಬೀದಿ

ಭುಜ ಹೋದರೆ ಕುಳಿತ ಮನುಷ್ಯನೇ ಹೋದಂತೆ. ಅದೇ ತುಂಡನ್ನು 4:5ರಲ್ಲಿ ಹಾಕಿದರೆ?

ಕೋಟೆ_ಕಂದಕ

ಒಳ್ಳೆಯ ಮಾತು. 4:5ರಲ್ಲಿ ಕಿಟಕಿಯ ಅಗಲ 1728 ಆಗುತ್ತದೆ, ಭುಜ, ಬಾಣಲೆ ಎರಡೂ ಹಿಡಿಯುತ್ತವೆ. ಪೋಸ್ಟ್ ಆಗಿ ಹಾಕುವುದಿದ್ದರೆ ಅದೇ ಮಾಡಿ. ರೀಲಿನಲ್ಲಿ ಮಾತ್ರ ಮೇಲೆ ಕೆಳಗೆ ಜಾಗ ಖಾಲಿ ಉಳಿಯುತ್ತದೆ.

ಮಾಂಜ್ರಾ_ದಂಡೆ

ಎರಡೂ ತುಂಡು ಮಾಡಿದೆ, ಹೂಜಿ ಎತ್ತುವಲ್ಲಿ ಕತ್ತರಿಸಿದೆ. ಚಿಕ್ಕಪ್ಪ ನೋಡಿ, ತಂತಿ ಕೂರಿಸುವ ಗೆರೆ ಮೊದಲ ಸಲ ಸರಿಯಾಗಿ ಕಾಣುತ್ತಿದೆ ಎಂದರು. ಕೆಳಗೆ ಹಾಕಿದ್ದ ಹೆಸರಿನ ಪಟ್ಟಿಯ ಮೇಲೆ ಆ್ಯಪ್‌ನ ಬರಹ ಬಂದು ಕೂತಿತ್ತು, ಅದನ್ನು ಎದೆಯ ಮಟ್ಟಕ್ಕೆ ಏರಿಸಿದೆ.

ಆದರೆ ಹೊಸದೊಂದು ತೊಂದರೆ. ಮೂಲ ವಿಡಿಯೊ ಫೋನಿನಲ್ಲಿ ಚೆನ್ನಾಗಿದೆ, ಕತ್ತರಿಸಿದ್ದು ಲ್ಯಾಪ್‌ಟಾಪಿನಲ್ಲಿ ಬೂದಿ ಬಳಿದಂತಿದೆ. ಹೂಜಿಯ ಕಪ್ಪು ಕಪ್ಪಾಗಿಲ್ಲ. ಬಿದರಿಗೆ ಆ ಕಪ್ಪೇ ಜೀವ.

ತೊಗರಿ_ಕಣಜ

ಪರದೆಯ ಹೊಳಪು ಸರಿಮಾಡಿಕೊಳ್ಳಿ. ನನ್ನ 27 ಇಂಚಿನದರಲ್ಲಿ ಹೀಗಾಗುವುದೇ ಇಲ್ಲ.

ಕೋಟೆ_ಕಂದಕ

ಪರದೆಯಾಗಿದ್ದರೆ ಉಳಿದ ವಿಡಿಯೊಗಳೂ ಹಾಗೆಯೇ ಕಾಣಬೇಕಿತ್ತು. ಫೋನು ಎಚ್‌ಡಿಆರ್‌ನಲ್ಲಿ ತೆಗೆದಿರಬಹುದು ಎಂಬುದು ನನ್ನ ಅನುಮಾನ. ಇದನ್ನು ಓಡಿಸಿ, ಏನು ಬರುತ್ತದೆ ಬರೆಯಿರಿ:

```
ffprobe -v error -select_streams v:0 -show_entries stream=color_transfer moola.mp4
```

arib-std-b67 ಅಥವಾ smpte2084 ಎಂದು ಬಂದರೆ ಅನುಮಾನ ನಿಜ. ಆಗ ಕತ್ತರಿಸುವುದಕ್ಕಿಂತ ಮೊದಲು ಬಣ್ಣವನ್ನು ಸಾಮಾನ್ಯ ಪರದೆಯ ಮಟ್ಟಕ್ಕೆ ಇಳಿಸಬೇಕು. bt709 ಬಂದರೆ ಬೇರೆ ಕಡೆ ಹುಡುಕೋಣ.

ಮಾಂಜ್ರಾ_ದಂಡೆ

ಇಲ್ಲಿ ಕರೆಂಟ್ ಹೋಗಿದೆ. ಬಂದ ಮೇಲೆ ಓಡಿಸಿ ಬರೆಯುತ್ತೇನೆ.

ಭೀಮಾ_ಹೊಳೆ

ಕಂದಕ ಸರ್, ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ. ಇಬ್ಬರು ಅಡ್ಡ ಚೌಕಟ್ಟಿನ ಎರಡು ತುದಿಯಲ್ಲಿ ಕುಳಿತು ಮಾತಾಡುವ ಒಂದು ಹಳೆಯ ವಿಡಿಯೊ ನನ್ನ ಬಳಿ ಇದೆ. ಯಾರನ್ನು ಬಿಡಲಿ?

ಕೋಟೆ_ಕಂದಕ

ಯಾರನ್ನೂ ಬಿಡಬೇಕಿಲ್ಲ. ಒಬ್ಬರನ್ನು ಮೇಲೆ, ಇನ್ನೊಬ್ಬರನ್ನು ಕೆಳಗೆ ಇಡಬಹುದು, ಒಂದೊಂದಕ್ಕೆ 1080 ಅಗಲ, 960 ಎತ್ತರ. ಹೊಸ ಚರ್ಚೆ ತೆರೆಯಿರಿ. ಕಡತದ ಅಗಲ ಎತ್ತರವನ್ನು ಮೊದಲ ಸಾಲಿನಲ್ಲೇ ಬರೆಯಿರಿ.